ಹಿಟ್ಲರನ ಸಿಟ್ಟು, ಸವಣೂರಿನ ಖಾರಾ

ಬರ್ಲಿನ್ನಿನ ನೆಲಮಾಳಿಗೆಯ ಒಂದು ಇಕ್ಕಟ್ಟಾದ ಕೋಣೆ. ಮೇಜಿನ ಮೇಲೆ ನಕಾಶೆ, ಸುತ್ತಲೂ ಸಮವಸ್ತ್ರದ ಅಧಿಕಾರಿಗಳು, ನಡುವೆ ಕನ್ನಡಕ ಹಾಕಿಕೊಂಡು ಬಾಗಿ ಕೂತ ಹಿಟ್ಲರ್. ಸೋಲು ಖಚಿತವಾದ ಸುದ್ದಿ ಬರುತ್ತದೆ. ಅವನು ಕೂಗಾಡುತ್ತಾನೆ, ಕುಸಿಯುತ್ತಾನೆ. 2004ರ ಜರ್ಮನ್ ಸಿನಿಮಾ ‘ಡೆರ್ ಉಂಟರ್‌ಗಾಂಗ್’ನ ಸುಮಾರು ನಾಲ್ಕು ನಿಮಿಷದ ದೃಶ್ಯ ಇದು. ಲೋಕಕ್ಕೆಲ್ಲ ಗೊತ್ತಿರುವುದು ‘ಡೌನ್‌ಫಾಲ್’ ಎಂಬ ಹೆಸರಿನಿಂದ. ನಿರ್ದೇಶಕ ಒಲಿವರ್ ಹಿರ್ಶ್‌ಬೀಗಲ್, ಹಿಟ್ಲರನ ಪಾತ್ರದಲ್ಲಿ ಸ್ವಿಟ್ಜರ್ಲೆಂಡಿನ ನಟ ಬ್ರೂನೋ ಗಾಂಜ್. 2006ರ ಹೊತ್ತಿಗೆ ಸ್ಪೇನಿನ ಯಾರೋ ಈ ದೃಶ್ಯದ ಕೆಳಗೆ ಕಂಪ್ಯೂಟರ್ ವಿಮಾನದಾಟದ ಕುರಿತ ಗೊಣಗಾಟವನ್ನು ಸಬ್‌ಟೈಟಲ್ ಆಗಿ ಬರೆದರು. ಅಲ್ಲಿಂದಾಚೆಗೆ ಈ ಹಿಟ್ಲರ್ ಸೋತ ಕ್ರಿಕೆಟ್ ಪಂದ್ಯಕ್ಕೆ, ಕೈಕೊಟ್ಟ ಫೋನಿಗೆ, ಪರೀಕ್ಷೆಯ ಫಲಿತಾಂಶಕ್ಕೆ ಕೂಗಾಡಿದ್ದಕ್ಕೆ ಲೆಕ್ಕವಿಲ್ಲ.

ಇದರಲ್ಲಿ ನಗು ಎಲ್ಲಿಂದ ಬರುತ್ತದೆ? ಚಿತ್ರ ಒಂದು ಹೇಳುತ್ತದೆ, ಮಾತು ಇನ್ನೊಂದು ಹೇಳುತ್ತದೆ, ಅದಕ್ಕೇ ನಗು ಎಂಬ ಉತ್ತರ ಎಲ್ಲರ ಬಾಯಲ್ಲೂ ಸಿದ್ಧವಾಗಿದೆ. ಆ ಉತ್ತರ ಸಾಲದು. ಪರೀಕ್ಷೆ ಮಾಡುವುದು ಸುಲಭ. ಅದೇ ದೃಶ್ಯದ ಕೆಳಗೆ ಮಾರುಕಟ್ಟೆಯ ಧಾರಣೆ ಬರೆಯಿರಿ: ಹತ್ತಿ ಇಷ್ಟು, ಗೋವಿನಜೋಳ ಇಷ್ಟು, ಶೇಂಗಾ ಇಷ್ಟು. ಚಿತ್ರಕ್ಕೂ ಮಾತಿಗೂ ಅಜಗಜಾಂತರ. ಮೊದಲ ಸಾಲಿಗೆ ತುಟಿ ಅರಳೀತು, ಮೂರನೆಯ ಸಾಲಿಗೆ ನೋಡುವವನು ಬೆರಳು ಸರಿಸಿ ಮುಂದಿನ ವಿಡಿಯೊಕ್ಕೆ ಹೋಗುತ್ತಾನೆ. ಅಂತರ ಎಷ್ಟು ದೊಡ್ಡದಾದರೆ ನಗು ಅಷ್ಟು ದೊಡ್ಡದು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನನ್ನ ವಾದ ಇದಕ್ಕೆ ಹೆಚ್ಚುಕಡಿಮೆ ತಿರುಗುಮುರುಗು: ಒಳ್ಳೆಯ ಸುಳ್ಳು ಸಬ್‌ಟೈಟಲ್ ಚಿತ್ರಕ್ಕೆ ಉಸಿರಿನಲ್ಲಿ, ಬೆರಳಿನಲ್ಲಿ, ಮೌನದಲ್ಲಿ, ಕಿವಿಗೆ ಬೀಳುವ ಶಬ್ದದಲ್ಲಿ ಕೂದಲೆಳೆಯಷ್ಟೂ ತಪ್ಪದೆ ಹೊಂದಿಕೊಂಡಿರುತ್ತದೆ. ಹೊಂದದೆ ಉಳಿಯುವುದು ಒಂದೇ ಒಂದು, ಆ ಸಿಟ್ಟಿಗೆ ಇರುವ ಕಾರಣದ ತೂಕ.

ಇದನ್ನು ಬರಿಯ ಮಾತಿನಲ್ಲಿ ಹೇಳಿ ಪ್ರಯೋಜನವಿಲ್ಲ. ಆ ನಾಲ್ಕು ನಿಮಿಷಕ್ಕೆ ಹಾವೇರಿ ಸೀಮೆಯ ಸಬ್‌ಟೈಟಲ್ ಬರೆದೇ ನೋಡೋಣ.

ಮೂಲದಲ್ಲಿ ನಡೆಯುವುದು 1945ರ ಏಪ್ರಿಲ್ 22ರ ಸಂಗತಿ. ಸೇನಾಧಿಕಾರಿ ಕ್ರೆಬ್ಸ್ ನಕಾಶೆ ತೋರಿಸುತ್ತ ವರದಿ ಒಪ್ಪಿಸುತ್ತಾನೆ: ಶತ್ರು ದಕ್ಷಿಣದಲ್ಲಿ ಇಲ್ಲಿಗೆ ಬಂದಿದ್ದಾನೆ, ಉತ್ತರದಲ್ಲಿ ಇಲ್ಲಿಗೆ, ಪೂರ್ವದಲ್ಲಿ ಇಲ್ಲಿಗೆ. ಹಿಟ್ಲರ್ ತಣ್ಣಗೆ ಹೇಳುತ್ತಾನೆ, ಸ್ಟೈನರ್ ದಾಳಿ ಮಾಡಿದರೆ ಎಲ್ಲ ಸರಿಯಾಗುತ್ತದೆ ಎಂದು. ಅಧಿಕಾರಿಗಳು ಮುಖ ಮುಖ ನೋಡಿಕೊಳ್ಳುತ್ತಾರೆ. ಸ್ಟೈನರನ ಬಳಿ ಸೈನ್ಯ ಸಾಲಲಿಲ್ಲ, ದಾಳಿ ನಡೆದೇ ಇಲ್ಲ ಎಂಬ ಸುದ್ದಿಯನ್ನು ಕೊನೆಗೆ ಹೇಗೋ ಬಾಯಿಬಿಡುತ್ತಾರೆ.

ಈಗ ನಮ್ಮ ಸಬ್‌ಟೈಟಲ್. ಬ್ಯಾಡಗಿಯಲ್ಲಿ ಒಂದು ಕುಬಸ. ಬೀಗರು ಮೂರು ದಿಕ್ಕಿನಿಂದ ಬರುತ್ತಿದ್ದಾರೆ. ಸವಣೂರಿನಿಂದ ಖಾರಾ ತರುವ ಗಾಡಿ ಇನ್ನೂ ಬಂದಿಲ್ಲ. ಕ್ರೆಬ್ಸ್ ನಕಾಶೆಯ ಮೇಲೆ ಬೆರಳಿಟ್ಟಾಗ ಕೆಳಗೆ ಬರುವುದು: “ರಾಣೇಬೆನ್ನೂರಿನ ಬೀಗರು ಊರು ಬಿಟ್ಟಾರ್ರಿ.” ಮುಂದಿನ ಬೆರಳಿಗೆ: “ಮೋಟೆಬೆನ್ನೂರಿನವರು ಹೈವೇ ದಾಟಿದ್ರು.” ಮೂರನೆಯದಕ್ಕೆ: “ಗುತ್ತಲದವರದು ಎರಡು ಟ್ರ್ಯಾಕ್ಟರ್ ಮಂದಿ ಐತ್ರಿ.” ಇಲ್ಲಿ ಯಾವುದೂ ಚಿತ್ರಕ್ಕೆ ವಿರುದ್ಧವಾಗಿಲ್ಲ ಎಂಬುದನ್ನು ಗಮನಿಸಬೇಕು. ಮೇಲೆ ಸುತ್ತುವರಿಯುತ್ತಿರುವುದು ರಷ್ಯದ ಸೈನ್ಯ, ಕೆಳಗೆ ಸುತ್ತುವರಿಯುತ್ತಿರುವುದು ಬೀಗರು. ಊರ ಹೆಸರುಗಳು ಮೂಲದಲ್ಲೂ ಮೂರು ದಿಕ್ಕಿನವು, ನಮ್ಮಲ್ಲೂ ಹಾಗೆಯೇ. ಬೆರಳು, ನಕಾಶೆ, ತಗ್ಗಿದ ದನಿ, ವರದಿ ಒಪ್ಪಿಸುವವನ ಅಳುಕು, ಎಲ್ಲವೂ ಕೆಳಗಿನ ಸಾಲಿಗೆ ಸಾಕ್ಷಿ ಹೇಳುತ್ತವೆ. ಹೆಣ್ಣಿನ ಮನೆಯ ಯಜಮಾನನಿಗೆ ಬೀಗರ ಟ್ರ್ಯಾಕ್ಟರ್ ಹೀಗೇ ಕಾಣುತ್ತದಲ್ಲವೇ ಎಂದು ನೋಡುವವನಿಗೆ ಒಂದು ಕ್ಷಣ ಅನ್ನಿಸಬೇಕು. ಅನ್ನಿಸಿದರೆ ಅರ್ಧ ಕೆಲಸ ಆದಂತೆ.

ಮುಂದೆ ಸ್ಟೈನರ್ ಎಂಬ ಹೆಸರು. ಇದು ಕಿವಿಗೆ ಸ್ಪಷ್ಟವಾಗಿ ಬೀಳುತ್ತದೆ, ಒಂದಲ್ಲ, ಹಲವು ಸಲ. ಜರ್ಮನ್ ಬಾರದವನೂ ಹೆಸರನ್ನು ಹಿಡಿಯುತ್ತಾನೆ. ಹೊಸಬರು ಎಡವುವುದು ಇಲ್ಲೇ. ಕೆಳಗೆ ‘ಮಲ್ಲಪ್ಪ’ ಎಂದು ಬರೆದು, ಮೇಲೆ ಸ್ಟೈನರ್ ಸ್ಟೈನರ್ ಎಂದು ಕೇಳುತ್ತಿದ್ದರೆ ಕಣ್ಣು ಮತ್ತು ಕಿವಿ ಜಗಳಕ್ಕೆ ಬೀಳುತ್ತವೆ, ಮೋಸ ಹೊರಬೀಳುತ್ತದೆ. ಜರ್ಮನರ ಬಾಯಲ್ಲಿ ಆ ಹೆಸರು ‘ಶ್ಟೈನರ್’ ಎಂದು ಕೇಳುತ್ತದೆ. ನಮ್ಮ ಸೀಮೆಯಲ್ಲಿ ಅದಕ್ಕೆ ಹತ್ತಿರದ ಅಡ್ಡಹೆಸರು ಹುಡುಕಬೇಕಿಲ್ಲ, ಓಣಿಗೊಂದು ಮನೆ ಇದೆ: ಶೆಟ್ಟರ್. “ಶೆಟ್ಟರ ಗಾಡಿ ಬಂತಂದ್ರ ಎಲ್ಲಾ ಸರಿ ಆಕ್ಕತಿ” ಎಂದು ಹಿಟ್ಲರ್ ತಣ್ಣಗೆ ಹೇಳಿದಾಗ ಕಿವಿ ತಕರಾರು ಮಾಡುವುದಿಲ್ಲ. (ಆ ಅಡ್ಡಹೆಸರಿನ ರಾಜಕಾರಣಿಗಳು ನೆನಪಾದರೆ ಹಾಸ್ಯ ಆ ಕಡೆ ಜಾರುತ್ತದೆ. ಹಾಗಾಗಿ ‘ಖಾರಾದ ಶೆಟ್ಟರು’ ಎಂದು ಮೊದಲೇ ಕಟ್ಟಿಹಾಕಿಬಿಡುವುದು ಒಳ್ಳೆಯದು.)

ಆಮೇಲೆ ಸುದ್ದಿ. ಜರ್ಮನ್ ವಾಕ್ಯದಲ್ಲಿ ‘ನಡೆದಿಲ್ಲ’ ಎಂಬ ಭಾಗ ಕೊನೆಗೆ ಬರುತ್ತದೆ. ದಾಳಿ ಮೊದಲು, ಹೆಸರು ನಡುವೆ, ಪೆಟ್ಟು ತುದಿಗೆ. ಕನ್ನಡವೂ ಪೆಟ್ಟನ್ನು ತುದಿಗೇ ಇಡುವ ಭಾಷೆ. “ಶೆಟ್ಟರ ಗಾಡಿ ಸವಣೂರು… ಬಿಟ್ಟ ಇಲ್ರಿ” ಎಂಬಲ್ಲಿ ‘ಇಲ್ರಿ’ ಬೀಳುವ ಜಾಗವೂ ಅಧಿಕಾರಿಯ ದನಿ ಕುಸಿಯುವ ಜಾಗವೂ ಒಂದೇ ಆಗುತ್ತವೆ. ಇಂಗ್ಲಿಷಿನಲ್ಲಿ ಬರೆದವರಿಗೆ ಈ ಅನುಕೂಲವಿಲ್ಲ, ಅವರ ‘ಇಲ್ಲ’ ವಾಕ್ಯದ ನಡುವೆಯೇ ಖರ್ಚಾಗಿಬಿಡುತ್ತದೆ.

ಈಗ ಮೌನ. ಹಿಟ್ಲರ್ ನಡುಗುವ ಕೈಯಿಂದ ನಿಧಾನವಾಗಿ ಕನ್ನಡಕ ತೆಗೆಯುತ್ತಾನೆ. ಇಡೀ ದೃಶ್ಯದ ಪ್ರಾಣ ಇಲ್ಲಿದೆ, ಇಲ್ಲಿ ಬರೆಯಬೇಕಾದದ್ದು ಏನೂ ಇಲ್ಲ. ಖಾಲಿ ಪರದೆ ಕಂಡರೆ ಕೈ ತುರಿಸುವವರು ಇಲ್ಲೂ ಒಂದು ಚಟಾಕಿ ತುರುಕುತ್ತಾರೆ, ಕಟ್ಟಿದ್ದೆಲ್ಲ ಅಲ್ಲಿ ಸೋರಿಹೋಗುತ್ತದೆ. ಮೌನ ಮುಗಿದ ಮೇಲೆ ಅವನು ನಾಲ್ವರ ಹೆಸರು ಹೇಳಿ ಉಳಿದವರನ್ನು ಹೊರಗೆ ಕಳಿಸುತ್ತಾನೆ. ಹೆಸರುಗಳ ಪಟ್ಟಿ ಕಿವಿಗೆ ಪಟ್ಟಿಯಂತೆಯೇ ಕೇಳುತ್ತದೆ, ಆದ್ದರಿಂದ ಕೆಳಗೂ ನಾಲ್ಕೇ ಇರಬೇಕು: “ಗೌಡ್ರು, ಮಾವಾರು, ಪೆಂಡಾಲಿನಾಂವ, ಅಡಿಗಿ ಬಸಪ್ಪ. ಇಷ್ಟ ಮಂದಿ ಉಳೀರಿ.” ಕೋಣೆ ಖಾಲಿಯಾಗುತ್ತದೆ, ಬಾಗಿಲು ಮುಚ್ಚುತ್ತದೆ, ಸ್ಫೋಟ ಶುರುವಾಗುತ್ತದೆ.

ಸ್ಫೋಟದ ಮೊದಲ ವಾಕ್ಯಗಳಲ್ಲಿ ‘ಆಜ್ಞೆ’ ಎಂಬ ಅರ್ಥದ ಜರ್ಮನ್ ಪದ ಮತ್ತೆ ಮತ್ತೆ ಬರುತ್ತದೆ: ‘ಬೆಫೇಲ್’. ಕನ್ನಡದ ಕಿವಿಗೆ ಅದರ ಬಾಲ ಮಾತ್ರ ಕೇಳಿಸುತ್ತದೆ, ಫೇಲ್! ಇಂಥ ವರ ತಾನಾಗಿ ಬಂದಾಗ ಬಿಡಬಾರದು. “ಮುಂಗಡಾ ಕೊಟ್ಟಿದ್ದು ಫೇಲ್! ಶೆಟ್ಟರ ಗಾಡಿ ನಂಬಿದ್ದೂ ಫೇಲ್!” ಮೇಲಿನವನು ಕನ್ನಡದಲ್ಲೇ ಕೂಗಿದನೇನೋ ಎಂಬ ಭ್ರಮೆ ಅರ್ಧ ಸೆಕೆಂಡಿನ ಮಟ್ಟಿಗೆ ಹುಟ್ಟುತ್ತದೆ. ಆ ಅರ್ಧ ಸೆಕೆಂಡಿನಲ್ಲಿ ಬರುವ ನಗು ಬೇರೆಲ್ಲಕ್ಕಿಂತ ಜೋರು.

ಇನ್ನು ಸಿಟ್ಟಿನಲ್ಲಿ ಅವನು ಪೆನ್ಸಿಲನ್ನು ನಕಾಶೆಯ ಮೇಲೆ ಎಸೆಯುವ ಜಾಗ. ಡಬ್ಬಿಂಗಿಗೂ ಸಬ್‌ಟೈಟಲ್ಲಿಗೂ ಇರುವ ಮುಖ್ಯ ವ್ಯತ್ಯಾಸ ಇಲ್ಲಿ ಗೊತ್ತಾಗುತ್ತದೆ. ಕಿವಿ ಮಾತನ್ನು ಒಂದಾದ ಮೇಲೊಂದರಂತೆ ಪಡೆಯುತ್ತದೆ, ಕಣ್ಣು ಸಾಲನ್ನು ಒಂದೇ ಗುಕ್ಕಿಗೆ ನುಂಗುತ್ತದೆ. “ಎಂಟು ಕಿಲೋ ಹೇಳಿದ್ದೆ, ಒಂದು ಸೇವು ಸಹಿತ ಬರಲಿಲ್ಲ” ಎಂಬುದನ್ನು ಪೂರ್ತಿ ಸಾಲಾಗಿ ಕೊಟ್ಟರೆ, ಪೆನ್ಸಿಲ್ ಕೈ ಬಿಡುವ ಮೊದಲೇ ಓದುಗ ಸೇವಿನವರೆಗೆ ಓದಿ ಮುಗಿಸಿರುತ್ತಾನೆ. ಪೆಟ್ಟು ಮೊದಲು, ಕೈ ಆಮೇಲೆ. ಸಾಲನ್ನು ಎರಡಾಗಿ ಸೀಳಬೇಕು. ಸಬ್‌ಟೈಟಲ್ ಕಡತದಲ್ಲಿ ಅದು ಹೀಗಿರುತ್ತದೆ (ತುಣುಕನ್ನು ಎಲ್ಲಿಂದ ಕತ್ತರಿಸಿಕೊಂಡಿದ್ದೀರಿ ಎಂಬುದರ ಮೇಲೆ ಸಮಯ ಬದಲಾಗುತ್ತದೆ, ಇದು ಮಾದರಿ ಮಾತ್ರ):

```
14
00:01:52,300 --> 00:01:54,100
ಎಂಟು ಕಿಲೋ ಹೇಳಿದ್ದೆ…

15
00:01:54,150 --> 00:01:56,000
ಒಂದು ಸೇವು ಸಹಿತ ಬರಲಿಲ್ಲ!
```

ಮೇಲಿನ ಅಂಕಿ ಸಾಲಿನ ಕ್ರಮಸಂಖ್ಯೆ, ನಡುವಿನದು ಗಂಟೆ, ನಿಮಿಷ, ಸೆಕೆಂಡು ಮತ್ತು ಸೆಕೆಂಡಿನ ಸಾವಿರದಲ್ಲೊಂದು ಪಾಲು. ಹದಿನೈದನೆಯ ಸಾಲು ಹುಟ್ಟುವ ಕ್ಷಣ ಮತ್ತು ಪೆನ್ಸಿಲ್ ಮೇಜಿಗೆ ಬಡಿಯುವ ಕ್ಷಣ ಒಂದಾಗಬೇಕು. ನಾಲ್ಕನೇ ಒಂದು ಸೆಕೆಂಡು ಹಿಂದುಮುಂದಾದರೂ ನಗು ಸಡಿಲವಾಗುತ್ತದೆ. ಮೊಬೈಲಿನಲ್ಲಿ ನೋಡುವವನು ಸೆಕೆಂಡಿಗೆ ಎರಡು ಮೂರು ಕನ್ನಡ ಪದಕ್ಕಿಂತ ಹೆಚ್ಚು ಓದಲಾರ ಎಂಬುದು ನನ್ನ ಅಂದಾಜು. ನಮ್ಮ ಪದಗಳು ಪ್ರತ್ಯಯ ಹೊತ್ತು ಉದ್ದವಾಗಿರುತ್ತವೆ, ಜೊತೆಗೆ ಆಡುಮಾತನ್ನು ಲಿಪಿಯಲ್ಲಿ ಓದುವುದು ಪುಸ್ತಕದ ಕನ್ನಡ ಓದುವುದಕ್ಕಿಂತ ನಿಧಾನ. ‘ಮಾಡಾಕತ್ತೀನಿ’ ಎಂಬುದನ್ನು ಹಾವೇರಿಯವನೂ ಆಡುವಷ್ಟು ಸಲೀಸಾಗಿ ಓದುವುದಿಲ್ಲ.

ಇಲ್ಲೇ ಇನ್ನೊಂದು ತೊಡಕನ್ನೂ ಹೇಳಿಬಿಡಬೇಕು. ಡಿಟಿಪಿ ಅಂಗಡಿಯ ಅಭ್ಯಾಸದಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪು ಮಾಡಿದ್ದನ್ನು ಹಾಗೇ ತಂದು ಸಬ್‌ಟೈಟಲ್ಲಿಗೆ ಸುರಿದರೆ ಪರದೆಯ ಮೇಲೆ ಬರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಯುನಿಕೋಡಿನಲ್ಲಿದ್ದರೂ ಕೆಲವು ಸಂಕಲನ ತಂತ್ರಾಂಶಗಳಲ್ಲಿ ಒತ್ತಕ್ಷರ ಕೆಳಗೆ ಇಳಿಯದೆ ಪಕ್ಕಕ್ಕೆ ನಿಂತುಬಿಡುತ್ತದೆ, ‘ಶೆಟ್ಟರ’ ಹೋಗಿ ‘ಶೆಟ್‌ಟರ’ ಆಗುತ್ತದೆ. ಓದುಗ ಆ ಅಕ್ಷರದಲ್ಲಿ ತಡವರಿಸುವಷ್ಟರಲ್ಲಿ ಪೆನ್ಸಿಲ್ ಬಿದ್ದಾಗಿರುತ್ತದೆ. ಹಾಸ್ಯಕ್ಕೆ ಕಾಗುಣಿತವೂ ಬೇಕು!

ಕೂಗಾಟ ನಡೆದಿರುವಾಗ ಸಿನಿಮಾ ಒಮ್ಮೆ ಬಾಗಿಲಿನ ಆಚೆಗೆ ಹೋಗುತ್ತದೆ. ಅಲ್ಲಿ ಕಿವಿಗೊಟ್ಟು ನಿಂತ ಸಿಬ್ಬಂದಿ, ಅಳುತ್ತಿರುವ ಒಬ್ಬ ಹೆಂಗಸು, ಸಮಾಧಾನ ಮಾಡುವ ಇನ್ನೊಬ್ಬಳು. “ಅಳಬ್ಯಾಡವಾ, ಪ್ಯಾಟ್ಯಾಗಿನ ಬುಂದೆ ತರ್ಸೂಣು.” ಮತ್ತೆ ಒಳಗೆ. ಈ ಭಾಗದಲ್ಲಿ ಮೂಲದ ಹಿಟ್ಲರ್ ಸ್ಟಾಲಿನ್ನನ ಹೆಸರೆತ್ತುತ್ತಾನೆ, ಅವನಂತೆ ತಾನೂ ಅಧಿಕಾರಿಗಳನ್ನು ಮೊದಲೇ ಮುಗಿಸಿಬಿಡಬೇಕಿತ್ತು ಎಂದು. ಹೆಸರು ಖಣಖಣ ಕೇಳುತ್ತದೆ, ಮುಚ್ಚಿಡಲು ಬರುವುದಿಲ್ಲ. ಯುರೋಪಿನ ನೋಡುಗನಿಗೆ ಅದು ಮಾಸ್ಕೋದ ಹೆಸರು. ಬ್ಯಾಡಗಿಯ ನೋಡುಗನಿಗೆ ಮೊದಲು ನೆನಪಾಗುವುದು ಚೆನ್ನೈ. 1953ರ ಮಾರ್ಚ್ 1ರಂದು ಹುಟ್ಟಿದ ಮಗನಿಗೆ ಕರುಣಾನಿಧಿ, ಅದೇ ವಾರ ತೀರಿಕೊಂಡ ರಷ್ಯದ ನಾಯಕನ ಹೆಸರಿಟ್ಟದ್ದರ ಫಲವಾಗಿ, ಜರ್ಮನ್ ಹಿಟ್ಲರನ ಬಾಯಲ್ಲಿ ಕಾವೇರಿ ನೀರಿನ ಜಗಳ ಬರುವ ದಾರಿ ತೆರೆದಿದೆ. ನಾನಾದರೆ ಆ ದಾರಿ ಹಿಡಿಯಲಾರೆ. ಕುಬಸದ ಕತೆಗೆ ಕಾವೇರಿ ಸೇರಿದರೆ ಚಟಾಕಿ ಎರಡಾಗುತ್ತದೆ, ನಗು ಅರ್ಧವಾಗುತ್ತದೆ. “ಸ್ಟಾಲಿನ್ನಗ ಹೇಳಿದ್ರೂ ಇಷ್ಟೊತ್ತಿಗೆ ಕಳಿಸ್ತಿದ್ದ” ಎಂಬ ಒಂದು ಸಾಲಿನಲ್ಲಿ ಹೆಸರನ್ನು ನುಂಗಿ ಮುಂದೆ ಹೋಗುವುದು ಲೇಸು.

ಕೊನೆಗೆ ಹಿಟ್ಲರ್ ಕುರ್ಚಿಯಲ್ಲಿ ಕುಸಿದು ಕೂರುತ್ತಾನೆ. ದನಿ ಇಳಿದಿದೆ. ಮೂಲದಲ್ಲಿ ಯುದ್ಧ ಸೋತೆವು ಎಂದು ಒಪ್ಪಿಕೊಳ್ಳುವ ಮಾತು, ಏನು ಬೇಕಾದರೂ ಮಾಡಿಕೊಳ್ಳಿ ಎಂಬ ಕೈಚೆಲ್ಲುವಿಕೆ. ನಮ್ಮಲ್ಲಿ: “ಚುರಮರಿ ಐತೇನು ಮನ್ಯಾಗ?” ಒಂದು ಉಸಿರಿನ ಬಿಡುವು. “ಗಿರಮಿಟ್ ಮಾಡ್ರಿ.”

ಇಷ್ಟು ಬರೆದು ನೋಡಿದಾಗ ಗೊತ್ತಾಗುವ ಸಂಗತಿ ಒಂದಿದೆ. ವರದಿ, ಭರವಸೆ, ಆಘಾತ, ಮೌನ, ಸ್ಫೋಟ, ಅಳು, ಸೋಲು. ಕುಬಸದ ಕತೆಯೂ ಅದೇ ಏರಿಳಿತದಲ್ಲಿ ನಡೆದಿದೆ. ಗಾಂಜ್‌ನ ಮುಖ ಪ್ರತಿ ಸಾಲನ್ನೂ ನಿಜವೆಂದು ಸಾಬೀತು ಮಾಡುತ್ತಿದೆ. ಅವನ ಅಭಿನಯ ಕಳಪೆಯಾಗಿದ್ದರೆ ಈ ಆಟ ನಡೆಯುತ್ತಲೇ ಇರಲಿಲ್ಲ. ಹಾಸ್ಯನಟರ ದೃಶ್ಯಕ್ಕೆ ಸುಳ್ಳು ಸಬ್‌ಟೈಟಲ್ ಬರೆದವರಿಗೆ ಇದು ಅನುಭವಕ್ಕೆ ಬಂದಿರುತ್ತದೆ: ಮೇಲಿನವನೂ ನಗಿಸಲು ಹೊರಟರೆ ಕೆಳಗಿನ ಸಾಲಿಗೆ ಒರಗಲು ಗೋಡೆ ಇರುವುದಿಲ್ಲ. 1966ರಲ್ಲಿ ವುಡಿ ಅಲೆನ್ ಜಪಾನಿನ ಒಂದು ಗೂಢಚಾರಿ ಸಿನಿಮಾದ ಮಾತನ್ನೆಲ್ಲ ತೆಗೆದು, ಹೊಸ ಮಾತು ಹಚ್ಚಿ ‘ವಾಟ್ಸ್ ಅಪ್, ಟೈಗರ್ ಲಿಲಿ?’ ಮಾಡಿದ. ಅಲ್ಲಿ ಗೂಢಚಾರರು ಜೀವ ಪಣಕ್ಕಿಟ್ಟು ಹುಡುಕುವುದು ಒಂದು ಮೊಟ್ಟೆ ಸಲಾಡಿನ ಪಾಕವಿಧಾನವನ್ನು. ಅಲ್ಲೂ ಓಟ, ಗುಂಡು, ಪಿತೂರಿ ಎಲ್ಲ ಹಾಗೇ ಉಳಿದಿವೆ. ಕಡಿಮೆಯಾದದ್ದು ಪಣದ ತೂಕ ಮಾತ್ರ. ಆದರೆ ಅದು ಪೂರ್ಣ ಸಿನಿಮಾ. ಈ ಆಟಕ್ಕೆ ಅಷ್ಟು ಉದ್ದ ತಾಳುವುದಿಲ್ಲ, ನಡುವೆ ದಣಿವು ಕಾಣುತ್ತದೆ. ಒಂದು ಸಿಟ್ಟು ಏರಿ ಇಳಿಯುವಷ್ಟು ಹೊತ್ತು ಇದರ ಆಯುಷ್ಯ.

ಹಾವೇರಿಯ ಹಳ್ಳಿಗಳಲ್ಲಿ ದೊಡ್ಡಾಟ ನೋಡಿ ಬೆಳೆದವರಿಗೆ ಈ ಎರಡು ಅಂತಸ್ತಿನ ಮಾತು ಹೊಸದಲ್ಲ. ಕಿರೀಟ ಭುಜಕೀರ್ತಿ ಹೊತ್ತ ರಾಜ ರಂಗಕ್ಕೆ ಬಂದು ಗ್ರಂಥದ ಮಾತಿನಲ್ಲಿ ಅಬ್ಬರಿಸುತ್ತಾನೆ, ಪಕ್ಕದಲ್ಲಿ ನಿಂತ ಸಾರಥಿ ಊರ ಮಾತಿನಲ್ಲಿ ಅವನನ್ನು ಮಾತಾಡಿಸುತ್ತಾನೆ. ಮೇಲಿನ ಅಬ್ಬರ ಕೆಳಗಿನ ಸಾದಾ ಮಾತಿಗೆ ತಾಗಿದಾಗ ನಗು. ಆದರೂ ಒಂದು ದೊಡ್ಡ ವ್ಯತ್ಯಾಸವಿದೆ. ದೊಡ್ಡಾಟದ ರಾಜನಿಗೆ ಸಾರಥಿಯ ಮಾತು ಕೇಳುತ್ತದೆ, ಅವನು ಉತ್ತರ ಕೊಡಬಲ್ಲ, ಸಿಟ್ಟಾಗಬಲ್ಲ, ತಾನೂ ಆಟದಲ್ಲಿ ಸೇರಬಲ್ಲ. ಪರದೆಯ ಮೇಲಿನ ಬ್ರೂನೋ ಗಾಂಜ್‌ನಿಗೆ ತನ್ನ ಎದೆಯ ಕೆಳಗೆ ಏನು ಬರೆದಿದೆ ಎಂಬುದರ ಅರಿವೇ ಇಲ್ಲ. ಆ ಅರಿವಿಲ್ಲದಿರುವಿಕೆ ನಗುವಿನ ಅರ್ಧ ಬಂಡವಾಳ.

ಹಾಗಾದರೆ ಡಬ್ಬಿಂಗನ್ನೇ ಮಾಡಬಾರದೇಕೆ? ನಮ್ಮ ಕಡೆ ಹುಡುಗರು ಹೆಚ್ಚಾಗಿ ಮಾಡುವುದೂ ಅದನ್ನೇ. ಹಾಲಿವುಡ್ಡಿನ ವೀರ, ತೆಲುಗಿನ ಮಹಾರಾಜ ಯಾರೇ ಇರಲಿ, ಅವನ ಬಾಯಿಗೆ ಉತ್ತರ ಕರ್ನಾಟಕದ ಮಾತು ಹಾಕಿ ಬಿಡುತ್ತಾರೆ. ಅದರ ಹಿಂದೆ ಒಂದು ಚರಿತ್ರೆಯೂ ಇದೆ. 1960ರ ದಶಕದ ಚಳವಳಿಯ ನಂತರ ಕರ್ನಾಟಕದಲ್ಲಿ ಡಬ್ಬಿಂಗ್ ಸಿನಿಮಾ ನಿಂತೇಹೋಯಿತು. ಯಾವ ಕಾನೂನೂ ಇರಲಿಲ್ಲ, ಉದ್ಯಮದ ಕಟ್ಟಳೆ ಮಾತ್ರ. 2012ರಲ್ಲಿ ಆಮಿರ್ ಖಾನರ ‘ಸತ್ಯಮೇವ ಜಯತೇ’ ಬೇರೆ ಭಾಷೆಗಳಲ್ಲಿ ಬಂದರೂ ಕನ್ನಡದ ಟಿವಿಯಲ್ಲಿ ಬರಲಿಲ್ಲ. 2015ರ ಜುಲೈನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ತಡೆ ತಪ್ಪೆಂದು ತೀರ್ಪು ಕೊಟ್ಟು ದಂಡ ಹಾಕಿತು. 2017ರಲ್ಲಿ ಅಜಿತ್ ಅವರ ತಮಿಳು ಸಿನಿಮಾವೊಂದು ‘ಸತ್ಯದೇವ್ ಐಪಿಎಸ್’ ಆಗಿ ಕನ್ನಡಕ್ಕೆ ಬಂತು. ಅರ್ಧ ಶತಮಾನದ ಬಿಡುವಿನ ನಂತರ ಹೀಗೆ ಬಂದ ಡಬ್ಬಿಂಗ್ ಕನ್ನಡ ಯಾವ ಊರಿನದೂ ಆಗಿರಲಿಲ್ಲ. ಪಠ್ಯಪುಸ್ತಕವೂ ಅಲ್ಲದ, ಬೆಂಗಳೂರೂ ಅಲ್ಲದ ಆ ಕನ್ನಡದಲ್ಲಿ ರೌಡಿ ಬೈದಾಗ ರಾಣೇಬೆನ್ನೂರಿನ ನೋಡುಗನಿಗೆ ಬೇಡವೆಂದರೂ ನಗು ಬರುತ್ತಿತ್ತು. ಚಿತ್ರಕ್ಕೂ ಮಾತಿಗೂ ಅಂತರ ಆಗಲೇ ಇತ್ತು, ಯಾರೂ ಬೇಕೆಂದು ಮಾಡಿದ್ದಲ್ಲ ಅಷ್ಟೇ.

ಹುಡುಗರ ಡಬ್ಬಿಂಗಿನಲ್ಲಿ ಮೂಲದ ದನಿ ಹೋಗಿಬಿಡುತ್ತದೆ. ಮುಖ ಉಳಿಯುತ್ತದೆ, ಉಸಿರು ಹೋಗುತ್ತದೆ. ಹೋದ ಉಸಿರಿನ ಜಾಗವನ್ನು ಆಡುಮಾತು ತುಂಬುತ್ತದೆ, ನಗುವಿನ ಭಾರವೆಲ್ಲ ಆಡುಮಾತಿನ ಮೇಲೆಯೇ ಬೀಳುತ್ತದೆ. ನನಗೆ ಅನುಮಾನ ಇರುವುದು ಇಲ್ಲಿ. ನಮ್ಮ ಮಾತನ್ನು ನಗೆಯ ಸಾಮಗ್ರಿಯಾಗಿ ಬಳಸುವ ಚಾಳಿ ಕನ್ನಡ ಸಿನಿಮಾಕ್ಕೆ ಮೊದಲಿನಿಂದ ಇದೆ. ನಾಯಕ ಮೈಸೂರು, ಬೆಂಗಳೂರಿನ ಕನ್ನಡ ಆಡುತ್ತಾನೆ, ಅವನ ಪಕ್ಕದ ಪೆದ್ದ ನಮ್ಮ ಕನ್ನಡ ಆಡುತ್ತಾನೆ. ಡಬ್ಬಿಂಗ್ ತುಣುಕು ಬ್ಯಾಡಗಿಯಲ್ಲಿ ಓಡುವಾಗ ಕೆಳಗಿಳಿಯುವವನು ಪರದೆಯ ವೀರ: ಇಷ್ಟು ದೊಡ್ಡವನೂ ನಮ್ಮ ಓಣಿಯವನಂತೆ ಬೈಯುತ್ತಾನಲ್ಲ ಎಂಬ ಖುಷಿ. ಅದೇ ತುಣುಕು ಬೆಂಗಳೂರಿನಲ್ಲಿ ಓಡುವಾಗ ಕೆಳಗಿಳಿಯುವುದು ವೀರನೋ ಭಾಷೆಯೋ ಹೇಳುವುದು ಕಷ್ಟ. ಸಬ್‌ಟೈಟಲ್ ಮಾಡಿದರೆ ಈ ಅಪಾಯ ಪೂರ್ತಿ ತಪ್ಪುತ್ತದೆ ಎನ್ನಲಾರೆ, ಕಡಿಮೆಯಂತೂ ಆಗುತ್ತದೆ. ದನಿ ಜರ್ಮನ್ನಿನದಾಗಿಯೇ ಉಳಿದಿರುವುದರಿಂದ ನಗುವ ಕಾರಣ ಖಾರಾದ ಗಾಡಿಯ ಕತೆಯಲ್ಲಿರಬೇಕಾಗುತ್ತದೆ, ‘ಆಕ್ಕತಿ’ ಎಂಬ ರೂಪದಲ್ಲಿ ಅಲ್ಲ. ಕುಬಸದ ಸಾಲುಗಳನ್ನು ಮಂಡ್ಯದ ಮಾತಿಗೆ ತಿರುಗಿಸಿ ನೋಡಿ, ತಿಂಡಿಯ ಹೆಸರು ಬದಲಾದೀತು, ನಗು ಉಳಿಯುತ್ತದೆ.

ಭಾಷೆಯನ್ನೇ ಗುರಿಯಾಗಿಸುವ ನಗುವಿಗೆ ಪ್ರಸಿದ್ಧ ಉದಾಹರಣೆಯ ನಾಯಕ ನಮ್ಮ ಮೈಸೂರು ಸೀಮೆಯ ಮೂಲದವರು, ಮೂಗೂರು ಸುಂದರ್ ಅವರ ಮಗ ಪ್ರಭುದೇವ. 2000ದ ತಮಿಳು ಸಿನಿಮಾವೊಂದರ ಅವರ ಹಾಡಿಗೆ 2007ರಲ್ಲಿ ಅಮೆರಿಕದ ಒಬ್ಬ, ತಮಿಳು ತನ್ನ ಕಿವಿಗೆ ಇಂಗ್ಲಿಷಿನಂತೆ ಹೇಗೆ ಕೇಳಿತೋ ಹಾಗೇ ಸಬ್‌ಟೈಟಲ್ ಬರೆದ. ‘ಬೆನ್ನಿ ಲಾವಾ’ ಎಂದು ಅದು ಲೋಕಪ್ರಸಿದ್ಧವಾಯಿತು. ನಮ್ಮ ‘ಫೇಲ್’ ಕೂಡ ಅದೇ ಜಾತಿಯ ಕಸುಬು, ನಾನು ತೀರ ಮಡಿವಂತನಾಗಲಾರೆ. ಆದರೆ ಅಲ್ಲಿ ಕತೆ ಇಲ್ಲ, ಸಿಟ್ಟಿಗೆ ಕಾರಣವಿಲ್ಲ, ಶಬ್ದ ಮಾತ್ರ ಇದೆ. ತಮಿಳು ಬಲ್ಲವನಿಗೆ ಅದರಲ್ಲಿ ಅರ್ಧ ನಗು, ಅರ್ಧ ಮುಜುಗರ.

ಇನ್ನೊಂದು ಬಗೆಯೂ ಇದೆ, ನೋಡುವವನಿಗೆ ಮೇಲಿನ ಮಾತು ಪೂರ್ತಿ ತಿಳಿಯುವಂಥದು. ಕನ್ನಡಕ್ಕೆ ಡಬ್ ಆದ ದೃಶ್ಯದ ಕೆಳಗೆ ಕನ್ನಡದಲ್ಲೇ ಬೇರೆ ಮಾತು ಬರೆದರೆ ಆಟದ ನಿಯಮವೇ ಬದಲಾಗುತ್ತದೆ. ಮೇಲೆ ಮನೆಯ ಯಜಮಾನ “ಅಯ್ಯೋ, ಊಟ ಮಾಡಿಕೊಂಡೇ ಹೋಗಬೇಕು” ಎನ್ನುತ್ತಾನೆ, ಕೆಳಗೆ “ಇನ್ನಾ ಎಷ್ಟೊತ್ತು ಕುಂದರ್ತೀರಿ?” ಇಲ್ಲಿ ಬರಹ ಮಾತಿನ ಜಾಗ ಕಸಿದುಕೊಳ್ಳಲಾರದು, ಅದರ ಬೆನ್ನಿಗೆ ನಿಂತು ಚಾಡಿ ಹೇಳುತ್ತದೆ. 1977ರ ‘ಆನಿ ಹಾಲ್’ನಲ್ಲಿ ಆಗತಾನೆ ಪರಿಚಯವಾದ ಇಬ್ಬರು ಬಾಲ್ಕನಿಯಲ್ಲಿ ಕಲೆಯ ಬಗ್ಗೆ ಮಾತಾಡುವಾಗ ಅವರ ಮನಸ್ಸಿನ ಮಾತು ಸಬ್‌ಟೈಟಲ್ ಆಗಿ ಬರುವುದು ಈ ಬಗೆಯದು. ಈ ಕಸುಬಿನ ಕಷ್ಟವೆಂದರೆ ಕಣ್ಣು, ಕಿವಿ ಎರಡೂ ಏಕಕಾಲಕ್ಕೆ ಕನ್ನಡವನ್ನೇ ಅರ್ಥಮಾಡಿಕೊಳ್ಳಬೇಕು. ಮೇಲಿನ ಮಾತು ಚುಟುಕಾಗಿರಬೇಕು, ಕೆಳಗಿನದು ಇನ್ನೂ ಚುಟುಕಾಗಿರಬೇಕು, ಅದೂ ಮಾತು ಮುಗಿದ ಮೇಲೆ ಕಾಣಿಸಿಕೊಳ್ಳಬೇಕು. ಒಟ್ಟಿಗೆ ಬಂದರೆ ಎರಡೂ ಹೋದವು.

ಹಿಟ್ಲರ್ ತುಣುಕುಗಳಿಗೆ ಸಿನಿಮಾದ ಒಡೆಯರು ಸುಮ್ಮನಿದ್ದರೆಂದಲ್ಲ. 2010ರ ಏಪ್ರಿಲ್‌ನಲ್ಲಿ ಕಾನ್‌ಸ್ಟಾಂಟಿನ್ ಫಿಲ್ಮ್ ಸಂಸ್ಥೆ ಹಕ್ಕುಸ್ವಾಮ್ಯದ ಹೆಸರಿನಲ್ಲಿ ಅಂಥ ವಿಡಿಯೊಗಳನ್ನು ಯೂಟ್ಯೂಬಿನಿಂದ ತೆಗೆಸಿತು. ಕೂಡಲೇ ಬಂದದ್ದು, ತನ್ನ ವಿಡಿಯೊ ತೆಗೆಸಿದ್ದಕ್ಕೆ ಹಿಟ್ಲರ್ ಸಿಟ್ಟಾಗುವ ವಿಡಿಯೊ. ನಿರ್ದೇಶಕ ಹಿರ್ಶ್‌ಬೀಗಲ್ ಮಾತ್ರ ಇವು ತನಗೆ ಇಷ್ಟವೆಂದೇ ಹೇಳಿದ್ದ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ವಿಮರ್ಶೆಗೆ, ವರ್ತಮಾನದ ವರದಿಗೆ ರಿಯಾಯಿತಿ ಕೊಡುತ್ತದೆ, ಅಣಕದ ಹೆಸರನ್ನು ಎತ್ತುವುದಿಲ್ಲ. ಮಾಡುವವರು ಅಷ್ಟು ತಿಳಿದಿದ್ದರೆ ಸಾಕು.

ಇನ್ನು ತೂಕದ ಮಾತಿಗೆ ಮರಳಬೇಕು, ಏಕೆಂದರೆ ನನ್ನ ವಾದ ನಿಲ್ಲುವುದೂ ಬೀಳುವುದೂ ಅಲ್ಲಿ. ಖಾರಾದ ಗಾಡಿಯ ಬದಲು ಮೆಣಸಿನಕಾಯಿಯ ದರ ಹಾಕಿ ನೋಡೋಣ. 2024ರ ಮಾರ್ಚ್ 11ರಂದು ಬ್ಯಾಡಗಿಯ ಎಪಿಎಂಸಿಯಲ್ಲಿ ದರ ಒಮ್ಮೆಲೇ ಕುಸಿದಾಗ ರೈತರ ಸಿಟ್ಟು ಭುಗಿಲೆದ್ದು, ಕಚೇರಿಗೆ ಕಲ್ಲು ಬಿದ್ದು, ವಾಹನಗಳಿಗೆ ಬೆಂಕಿ ಹತ್ತಿತು. ಅದೇ ಬಂಕರ್, ಅದೇ ಮುಖ, ಅದೇ ಪೆನ್ಸಿಲ್. ಕೆಳಗೆ: “ವರ್ಷದ ಬೆಳಿ ಇದು. ಈ ರೇಟಿಗೆ ಕೊಟ್ಟು ಮನಿಗೆ ಹೆಂಗ ಹೋಗ್ಲಿ?” ಉಸಿರು ಹೊಂದುತ್ತದೆ, ಬೆರಳು ಹೊಂದುತ್ತದೆ, ‘ಫೇಲ್’ ಕೂಡ ಹೊಂದುತ್ತದೆ. ಬ್ಯಾಡಗಿಯಲ್ಲಿ ಯಾರೂ ನಗುವುದಿಲ್ಲ. ಆ ಸಿಟ್ಟಿಗೆ ಆ ಕಾರಣ ಸಾಕಷ್ಟು ದೊಡ್ಡದು, ನಡುವೆ ಅಂತರವೇ ಉಳಿದಿಲ್ಲ. ಇದ್ದ ಒಂದೇ ಬಿರುಕನ್ನು ಮುಚ್ಚಿದ ಮೇಲೆ ಉಳಿಯುವುದು ಒಬ್ಬ ಮನುಷ್ಯನ ನಿಜವಾದ ಕೂಗು, ಅದೂ ತಪ್ಪು ಮನುಷ್ಯನ ಬಾಯಲ್ಲಿ. ದಲಾಲಿ ಅಂಗಡಿಯ ಗುಮಾಸ್ತ ಒಬ್ಬಾತ ಮಾತ್ರ ಇದಕ್ಕೂ ನಗಬಹುದು. ಅಂದರೆ ತೂಕ ಪರದೆಯ ಮೇಲಿರುವುದಿಲ್ಲ, ನೋಡುವವನ ಕೈಯಲ್ಲಿರುತ್ತದೆ. ಬೆಂಗಳೂರಿಗೆ ಚಿಲ್ಲರೆಯಾದದ್ದು ಬ್ಯಾಡಗಿಗೆ ಬದುಕು.

ಎಲ್ಲವೂ ಹೊಂದಿ, ತೂಕವೂ ಹೊಂದಿಬಿಟ್ಟ ಸುಳ್ಳು ಸಬ್‌ಟೈಟಲ್ಲಿಗೆ ಇನ್ನೊಂದು ಬಳಕೆಯೂ ಉಂಟು. ದೂರದೇಶದ ಭಾಷಣದ, ಜಗಳದ ತುಣುಕಿಗೆ ಆಡದ ಮಾತನ್ನು ಅಂಟಿಸಿ ಸುದ್ದಿಯೆಂದು ಹರಿಯಬಿಡುವುದು. ಕಸುಬು ಅದೇ, ಕಡತದ ರೂಪವೂ ಅದೇ. ಅಣಕ ಮಾಡುವವನು ಬಿರುಕನ್ನು ಕಾಣಲೆಂದೇ ಬಿಡುತ್ತಾನೆ, ಇವನು ಅದನ್ನು ಮೆತ್ತಿ ಮುಚ್ಚುತ್ತಾನೆ. ಹಿಡಿಯುವ ದಾರಿ ಮೇಲೆ ನಾವು ಬೆವರು ಸುರಿಸಿದ ಜಾಗಗಳಲ್ಲೇ ಇದೆ. ಕಿವಿಗೆ ಬಿದ್ದ ಹೆಸರು ಬರಹದಲ್ಲಿದೆಯೇ ನೋಡಬೇಕು. ಬರಹದಲ್ಲಿರುವ ಊರು, ವ್ಯಕ್ತಿಯ ಹೆಸರು ಕಿವಿಗೆ ಬಿತ್ತೇ ಕೇಳಬೇಕು, ಏಕೆಂದರೆ ಹೆಸರುಗಳು ಭಾಷೆ ಬದಲಾದರೂ ಹೆಚ್ಚು ಬದಲಾಗುವುದಿಲ್ಲ. ಮಾತಾಡುವವನು ಉಸಿರು ತೆಗೆದುಕೊಂಡಲ್ಲಿ ಸಾಲು ಮುರಿಯುತ್ತದೆಯೇ, ಉದ್ದದ ಮಾತಿಗೆ ಮೂರೇ ಪದ ಬಂದಿವೆಯೇ ಗಮನಿಸಬೇಕು. ಹಿನ್ನೆಲೆಗೆ ಸಂಗೀತ ಸುರಿದು ಮೂಲದ ದನಿಯನ್ನೇ ಮುಳುಗಿಸಿದ್ದರೆ ಅನುಮಾನ ಇನ್ನೂ ಗಟ್ಟಿ. ಕುಬಸದ ತುಣುಕು ಮಾಡಿದವನಿಗೆ ಹಿಟ್ಲರನ ದನಿ ಕೇಳಿಸಲೇಬೇಕಿತ್ತು, ಅದಿಲ್ಲದೆ ಶೆಟ್ಟರೂ ಇಲ್ಲ, ಫೇಲೂ ಇಲ್ಲ.